ಪತ್ರದಲ್ಲಿ ಎಷ್ಟು ಗುರುತು, ಲಗತ್ತಿನಲ್ಲಿ ಎಷ್ಟು ಅಂಕಿ: ಕಚೇರಿಗಳಿಗೂ ಅರ್ಜಿದಾರರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಸಾರ್ವಜನಿಕರಿಂದ ಪತ್ರ ಮತ್ತು ಅರ್ಜಿಗಳನ್ನು ಸ್ವೀಕರಿಸುವ ಎಲ್ಲ ಕಚೇರಿಗಳ ಮುಖ್ಯಸ್ಥರಿಗೆ, ಹಾಗೂ ಅವುಗಳನ್ನು ಬರೆದು ಕಳುಹಿಸುವ ಸಾರ್ವಜನಿಕರಿಗೆ.

ವಿಷಯ: ಪತ್ರದಲ್ಲಿ ನಮೂದಿಸುವ ಗುರುತಿನ ವಿವರಗಳ ಮಿತಿ ಮತ್ತು ಲಗತ್ತುಗಳಲ್ಲಿನ ಸಂಖ್ಯೆಗಳನ್ನು ಮರೆಮಾಡುವ ಕ್ರಮದ ಬಗ್ಗೆ.

ಮಾನ್ಯರೇ,

ಕಚೇರಿಗೆ ಬರುವ ಟಪಾಲನ್ನು ತೆರೆದು, ಓದಿ, ಆಯಾ ಶಾಖೆಗೆ ಹಂಚುವ ಕೆಲಸವನ್ನು ಬಹುಕಾಲ ಮಾಡಿದವನು ನಾನು. ಪತ್ರ ಬರೆಯುವವರು ತಮ್ಮ ಪತ್ರವನ್ನು ಒಬ್ಬ ಅಧಿಕಾರಿ ಓದುತ್ತಾರೆ ಎಂದುಕೊಂಡು ಬರೆಯುತ್ತಾರೆ. ಆದರೆ ಆ ಕಾಗದವನ್ನು ಒಬ್ಬರು ಲಕೋಟೆಯಿಂದ ತೆಗೆಯುತ್ತಾರೆ, ಇನ್ನೊಬ್ಬರು ಆವಕ ವಹಿಯಲ್ಲಿ ದಾಖಲಿಸುತ್ತಾರೆ, ಮತ್ತೊಬ್ಬರು ಸ್ಕ್ಯಾನ್ ಮಾಡುತ್ತಾರೆ. ಅನಂತರ ಅದು ಗುಮಾಸ್ತರ ಮೇಜಿಗೆ, ಅಲ್ಲಿಂದ ಮೇಲ್ವಿಚಾರಕರಿಗೆ, ಅಭಿಪ್ರಾಯ ಬೇಕಾದರೆ ಬೇರೊಂದು ಶಾಖೆಗೆ ಹೋಗುತ್ತದೆ. ಇವರಲ್ಲಿ ಯಾರೂ ಅಪ್ರಾಮಾಣಿಕರಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ಪ್ರತಿ ಹಂತದಲ್ಲಿ ಒಂದು ಪ್ರತಿ ಉಳಿಯುತ್ತದೆ, ಮತ್ತು ಕೆಲಸ ಮುಗಿದು ಹಲವು ವರ್ಷಗಳಾದ ಮೇಲೂ ಆ ಪ್ರತಿಗಳು ಕಡತದಲ್ಲೋ ಕಂಪ್ಯೂಟರಿನಲ್ಲೋ ಇದ್ದೇ ಇರುತ್ತವೆ. ಆದ್ದರಿಂದ ಪತ್ರದಲ್ಲಿ ಏನನ್ನು ಬರೆಯಬೇಕು ಎಂಬುದನ್ನು ಅದರ ಕಟ್ಟಕಡೆಯ ಓದುಗ ಯಾರಾಗಬಹುದು ಎಂದು ಯೋಚಿಸಿ ತೀರ್ಮಾನಿಸಬೇಕೆಂಬುದು ನನ್ನ ಅಭಿಪ್ರಾಯ.

ಪತ್ರದಲ್ಲಿ ಗುರುತಿನ ವಿವರಕ್ಕೆ ಇರುವ ಕೆಲಸ ಮೂರೇ. ಮೊದಲನೆಯದು, ಕಚೇರಿಯವರು ನಿಮ್ಮ ಕಡತವನ್ನು ಹುಡುಕಿ ತೆಗೆಯಲು ಸಾಧ್ಯವಾಗಬೇಕು. ಎರಡನೆಯದು, ಬರೆದವರು ಆ ಕಡತಕ್ಕೆ ಸಂಬಂಧಪಟ್ಟವರೇ ಎಂದು ಅವರಿಗೆ ನಂಬಿಕೆ ಬರಬೇಕು. ಮೂರನೆಯದು, ಉತ್ತರ ನಿಮಗೆ ತಲುಪಬೇಕು. ಈ ಮೂರರಲ್ಲಿ ಯಾವುದಕ್ಕೂ ಉಪಯೋಗವಾಗದ ವಿವರ ಪತ್ರದಲ್ಲಿ ಇರಬೇಕಾಗಿಲ್ಲ. ಕಡತ ಹುಡುಕಲು ಒಂದು ಸಂಖ್ಯೆ ಸಾಕು. ಅದು ಅವರೇ ಕೊಟ್ಟ ಗ್ರಾಹಕ ಸಂಖ್ಯೆಯೋ, ಅರ್ಜಿ ಸಂಖ್ಯೆಯೋ, ಹಿಂದಿನ ಪತ್ರದ ಉಲ್ಲೇಖ ಸಂಖ್ಯೆಯೋ ಆಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಆ ಕಚೇರಿಯ ಹೊರಗೆ ಅಂಥ ಸಂಖ್ಯೆಯಿಂದ ಯಾರಿಗೂ ಹೆಚ್ಚಿನ ಪ್ರಯೋಜನವಿಲ್ಲ. ಸರ್ಕಾರಿ ಗುರುತಿನ ಸಂಖ್ಯೆಯೋ ಬ್ಯಾಂಕ್ ಖಾತೆ ಸಂಖ್ಯೆಯೋ ಹಾಗಲ್ಲ, ಅವು ಹತ್ತು ಕಡೆ ನಡೆಯುತ್ತವೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ನೋಡೋಣ. ಗ್ರಾಹಕರೊಬ್ಬರು ತಮ್ಮ ಮನೆಯ ಸಂಪರ್ಕವೊಂದನ್ನು ಕಡಿತಗೊಳಿಸಿ, ಹಿಂದೆ ಕಟ್ಟಿದ್ದ ಠೇವಣಿಯನ್ನು ವಾಪಸು ಕೋರಿ ಪತ್ರ ಬರೆಯುತ್ತಿದ್ದಾರೆ. ಲಗತ್ತುಗಳು ಮೂರು: ಠೇವಣಿಯ ರಸೀದಿ, ಬ್ಯಾಂಕ್ ಖಾತೆಯ ವಿವರಪಟ್ಟಿಯ ಒಂದು ಪುಟ, ಪಾಸ್‌ಪೋರ್ಟಿನ ಭಾವಚಿತ್ರದ ಪುಟ. ಇಂಥ ಪತ್ರಗಳು ಸಾಮಾನ್ಯವಾಗಿ ಹೀಗೆ ಆರಂಭವಾಗುತ್ತವೆ: ‘ಕೆಳಗೆ ಸಹಿ ಮಾಡಿರುವ ನಾನು, ಇಂಥವರ ಮಗ, ಇಂಥ ದಿನಾಂಕದಂದು ಜನಿಸಿದವನು, ಇಂಥ ವಿಳಾಸದಲ್ಲಿ ವಾಸವಾಗಿರುವವನು, ಪಾಸ್‌ಪೋರ್ಟ್ ಸಂಖ್ಯೆ ಇಂಥದ್ದು, ಬ್ಯಾಂಕ್ ಖಾತೆ ಸಂಖ್ಯೆ ಇಂಥದ್ದು, ಮೊಬೈಲ್ ಸಂಖ್ಯೆ ಇಂಥದ್ದು, ಈ ಮೂಲಕ ವಿನಂತಿಸುವುದೇನೆಂದರೆ...’ ವಿನಂತಿ ಬರುವ ಹೊತ್ತಿಗೆ ಅರ್ಧ ಪುಟ ಮುಗಿದಿರುತ್ತದೆ. ಓದುವ ಗುಮಾಸ್ತರು ಆ ಅರ್ಧ ಪುಟದಲ್ಲಿ ಹುಡುಕುವುದು ಗ್ರಾಹಕ ಸಂಖ್ಯೆಯನ್ನು, ಮತ್ತು ಅದೊಂದೇ ಅಲ್ಲಿರುವುದಿಲ್ಲ.

ಅದೇ ಪತ್ರವನ್ನು ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ. ಉಲ್ಲೇಖದ ಸಾಲಿನಲ್ಲಿ ಗ್ರಾಹಕ ಸಂಖ್ಯೆ, ರಸೀದಿ ಸಂಖ್ಯೆ ಮತ್ತು ರಸೀದಿಯ ದಿನಾಂಕ. ಹೆಸರು ಕಚೇರಿಯ ದಾಖಲೆಯಲ್ಲಿ ಹೇಗಿದೆಯೋ ಹಾಗೆ, ಅಕ್ಷರವೂ ವ್ಯತ್ಯಾಸವಾಗದಂತೆ. ಈಗ ಹೆಸರಿನ ಬರಹ ಬದಲಾಗಿದ್ದರೆ ಅದನ್ನು ಒಂದು ವಾಕ್ಯದಲ್ಲಿ ಹೇಳುವುದು. ಹಳೆಯ ಸಂಪರ್ಕವಿದ್ದ ವಿಳಾಸ, ಉತ್ತರ ಬರಬೇಕಾದ ವಿಳಾಸ, ಒಂದು ದೂರವಾಣಿ ಸಂಖ್ಯೆ. ‘ನನ್ನ ಗುರುತಿಗಾಗಿ ಪಾಸ್‌ಪೋರ್ಟಿನ ಪುಟವನ್ನು ಲಗತ್ತಿಸಿದ್ದೇನೆ, ಅದರ ಸಂಖ್ಯೆಯ ಕೊನೆಯ 4 ಅಕ್ಷರಾಂಕಗಳನ್ನು ಮಾತ್ರ ಕಾಣುವಂತೆ ಬಿಟ್ಟಿದ್ದೇನೆ’ ಎಂಬ ಒಂದು ವಾಕ್ಯ. ಜನ್ಮದಿನಾಂಕ ಇಲ್ಲ, ತಂದೆಯ ಹೆಸರು ಇಲ್ಲ. ಠೇವಣಿ ವಾಪಸಾತಿಗೆ ವಯಸ್ಸಿನ ಷರತ್ತು ಇದ್ದರೆ ಹುಟ್ಟಿದ ವರ್ಷ ಸಾಕು. ಆ ವಯಸ್ಸು ಇದೇ ವರ್ಷ ತುಂಬುವವರನ್ನು ಬಿಟ್ಟರೆ, ದಿನ ಮತ್ತು ತಿಂಗಳಿನ ಅಗತ್ಯ ಬರುವುದಿಲ್ಲ. ಹೆಸರು, ಪೂರ್ಣ ಜನ್ಮದಿನಾಂಕ, ವಿಳಾಸ ಮತ್ತು ಹೆತ್ತವರ ಹೆಸರು ಒಂದೇ ಹಾಳೆಯಲ್ಲಿ ಸಿಕ್ಕಿದರೆ, ದೂರವಾಣಿಯಲ್ಲಿ ‘ನೀವು ನೀವೇ ಎಂದು ಖಚಿತಪಡಿಸಿಕೊಳ್ಳಲು ಕೆಲವು ಪ್ರಶ್ನೆಗಳು’ ಎಂದು ಕೇಳಲಾಗುವ ಪ್ರಶ್ನೆಗಳಿಗೆ ಬೇಕಾದ ಉತ್ತರಗಳೆಲ್ಲ ಅಲ್ಲೇ ಇರುತ್ತವೆ.

ಇಲ್ಲಿ ಒಂದು ತೊಡಕಿದೆ. ಹಣ ಖಾತೆಗೆ ಜಮೆಯಾಗಬೇಕಾದರೆ ಪೂರ್ಣ ಖಾತೆ ಸಂಖ್ಯೆ ಬೇಕೇ ಬೇಕು, ಕೊನೆಯ 4 ಅಂಕಿಗಳಿಂದ ಯಾವ ಬ್ಯಾಂಕೂ ಹಣ ಕಳುಹಿಸಲಾರದು. ಹಾಗಾಗಿ ಆ ಸಂಖ್ಯೆಯನ್ನು ಪೂರ್ಣವಾಗಿ ಒಂದು ಸಲ, ಒಂದೇ ಜಾಗದಲ್ಲಿ ಬರೆಯಬೇಕು, ಮತ್ತು ಆ ಜಾಗ ಪತ್ರದ ಒಡಲಾಗಿರಬಾರದು. ಪ್ರತ್ಯೇಕ ಹಾಳೆಯೊಂದರಲ್ಲಿ ‘ಅನುಬಂಧ 1, ಪಾವತಿ ಶಾಖೆಯ ಉಪಯೋಗಕ್ಕೆ ಮಾತ್ರ’ ಎಂಬ ತಲೆಬರಹದಡಿ ಖಾತೆದಾರರ ಹೆಸರು, ಬ್ಯಾಂಕು, ಶಾಖೆ, ಖಾತೆ ಸಂಖ್ಯೆ ಇಷ್ಟನ್ನು ಬರೆದು, ಪತ್ರದಲ್ಲಿ ‘ಅನುಬಂಧ 1ರಲ್ಲಿ ನಮೂದಿಸಿದ, ಇಂಥ 4 ಅಂಕಿಗಳಲ್ಲಿ ಕೊನೆಗೊಳ್ಳುವ ಖಾತೆಗೆ’ ಎಂದು ಸೂಚಿಸಬೇಕು. ಹೀಗೆ ಮಾಡಿದರೆ ಪತ್ರವನ್ನು ಅಭಿಪ್ರಾಯಕ್ಕೆಂದು ಯಾವ ಶಾಖೆಗೆ ಕಳುಹಿಸಿದರೂ, ಟಿಪ್ಪಣಿಗೆ ನಕಲು ಮಾಡಿ ಸೇರಿಸಿದರೂ, ಖಾತೆ ಸಂಖ್ಯೆ ಅದರ ಜೊತೆ ಊರೆಲ್ಲ ಸುತ್ತುವುದಿಲ್ಲ. ಖಾತೆಯ ವಿವರಪಟ್ಟಿಯ ಪ್ರತಿಯಲ್ಲೂ ಅದೇ 4 ಅಂಕಿಗಳು ಕಂಡರೆ ಸಾಕು. ಅನುಬಂಧದಲ್ಲಿರುವ ಸಂಖ್ಯೆ ಅದೇ ಖಾತೆಯದ್ದು ಎಂದು ತಾಳೆ ನೋಡಲು ಅಷ್ಟು ಬೇಕಾದಷ್ಟಾಯಿತು.

ಇದು ನನ್ನ ಸ್ವಂತ ಕಲ್ಪನೆಯೇನಲ್ಲ. ಅಮೆರಿಕದ ಫೆಡರಲ್ ನ್ಯಾಯಾಲಯಗಳ ಸಿವಿಲ್ ಕಾರ್ಯವಿಧಾನದಲ್ಲಿ 2007ರ ಡಿಸೆಂಬರಿನಿಂದ ಜಾರಿಯಲ್ಲಿರುವ ನಿಯಮ 5.2 ಸರಿಸುಮಾರು ಇದನ್ನೇ ಹೇಳುತ್ತದೆ. ಸಲ್ಲಿಕೆಗಳಲ್ಲಿ ಸಾಮಾಜಿಕ ಭದ್ರತಾ ಸಂಖ್ಯೆಯ ಮತ್ತು ಹಣಕಾಸಿನ ಖಾತೆ ಸಂಖ್ಯೆಯ ಕೊನೆಯ 4 ಅಂಕಿಗಳು, ಹುಟ್ಟಿದ ವರ್ಷ, ಅಪ್ರಾಪ್ತರ ಹೆಸರಿನ ಮೊದಲಕ್ಷರಗಳು ಇಷ್ಟಕ್ಕೆ ಮಾತ್ರ ಅವಕಾಶ. ಪೂರ್ಣ ವಿವರ ಬೇಕಾದಲ್ಲಿ ಅದನ್ನು ಮುಚ್ಚಿದ ಪ್ರತ್ಯೇಕ ಪಟ್ಟಿಯಲ್ಲಿ ಸಲ್ಲಿಸಬಹುದು. ಆಸ್ತಿ, ಸಾಲ, ದಿವಾಳಿಗಳ ವಿಚಾರಣೆ ನಡೆಸುವವರಿಗೇ ಇಷ್ಟು ಸಾಕಾಗಿರುವಾಗ, ಠೇವಣಿ ವಾಪಸು ಮಾಡುವ ಕಚೇರಿಗೆ ಇದಕ್ಕಿಂತ ಹೆಚ್ಚು ಏಕೆ ಬೇಕು ಎಂಬುದು ಕೇಳಬೇಕಾದ ಪ್ರಶ್ನೆಯೇ.

ಮರೆಮಾಡಬಾರದ ಸಂದರ್ಭಗಳೂ ಇವೆ. ಕಚೇರಿಯ ಬಳಿ ನಿಮ್ಮ ಸಂಖ್ಯೆ ಮೊದಲೇ ಇದ್ದರೆ ಕೊನೆಯ 4 ಅಂಕಿಗಳನ್ನು ಹೋಲಿಸಿ ನೋಡಬಹುದು. ನಿಮ್ಮ ಕಡತ ಈಗಾಗಲೇ ಕೈಯಲ್ಲಿರುವುದರಿಂದ, ಬೇರೊಂದು ಸಂಖ್ಯೆ ಆಕಸ್ಮಿಕವಾಗಿ ಅದೇ 4 ಅಂಕಿಗಳಲ್ಲಿ ಮುಗಿಯುವ ಸಾಧ್ಯತೆ 10,000ಕ್ಕೆ ಒಂದರಷ್ಟು ಮಾತ್ರ. ಆದರೆ ಹೊಸ ಖಾತೆ ತೆರೆಯುವಾಗ, ಅಥವಾ ಕಾನೂನೇ ಪೂರ್ಣ ಸಂಖ್ಯೆಯನ್ನು ದಾಖಲಿಸಬೇಕೆಂದು ಹೇಳುವಾಗ, ಹೋಲಿಸಿ ನೋಡಲು ಅವರ ಬಳಿ ಏನೂ ಇರುವುದಿಲ್ಲ, ಅಲ್ಲಿ ಮರೆಮಾಡಿದ ಪ್ರತಿ ವಾಪಸು ಬಂದರೆ ತಪ್ಪು ನಮ್ಮದೇ. ಇನ್ನು, ದೂರು ಇರುವುದೇ ಸಂಖ್ಯೆಯ ಬಗ್ಗೆಯಾದರೆ, ಅಂದರೆ ದಾಖಲೆಯಲ್ಲಿ ಒಂದು ಅಂಕಿ ತಪ್ಪಾಗಿ ಮುದ್ರಣವಾಗಿದೆ ಎಂದಾದರೆ, ಆ ಸಂಖ್ಯೆಯನ್ನು ಪೂರ್ಣವಾಗಿ ತೋರಿಸಿ ಉಳಿದೆಲ್ಲವನ್ನೂ ಮುಚ್ಚುವುದೇ ಕ್ರಮ. ತಪ್ಪಾದ ಅಂಕಿಯ ಮೇಲೆಯೇ ಮಸಿ ಬಳಿದು ‘ಸರಿಪಡಿಸಿ’ ಎಂದು ಬರೆದ ಅರ್ಜಿಗಳನ್ನು ನಾನು ಕಂಡಿದ್ದೇನೆ, ಅವುಗಳಿಂದ ಗುಮಾಸ್ತರಿಗೆ ಸಣ್ಣ ನಗು ಬಿಟ್ಟು ಬೇರೇನೂ ದೊರೆಯುವುದಿಲ್ಲ.

ಈಗ ಯಾವ ಅಂಕಿಗಳನ್ನು ಮುಚ್ಚಬೇಕು ಎಂಬ ಪ್ರಶ್ನೆಗೆ ಬರೋಣ. ಕೊನೆಯ 4 ಬಿಟ್ಟು ಉಳಿದದ್ದನ್ನು ಮುಚ್ಚುವುದು ಒಳ್ಳೆಯ ರೂಢಿ. ಆದರೆ ಮೊದಲ ಮೂರೋ ನಾಲ್ಕೋ ಅಂಕಿಗಳ ಮೇಲೆ ಒಂದು ಗೀಟು ಹಾಕಿ ಸಮಾಧಾನಪಟ್ಟುಕೊಳ್ಳುವವರು ಬಹಳ ಮಂದಿ. ಅನೇಕ ಬ್ಯಾಂಕುಗಳ ಖಾತೆ ಸಂಖ್ಯೆಯಲ್ಲಿ ಮೊದಲ ಅಂಕಿಗಳು ಶಾಖೆಯ ಸಂಕೇತವಾಗಿರುತ್ತವೆ, ಆ ಶಾಖೆಯ ಹೆಸರು ಅದೇ ಪುಟದ ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಹಾಗಿರುವಾಗ ಆ ಮೊದಲ ಅಂಕಿಗಳನ್ನು ಮುಚ್ಚಿದ್ದರಿಂದ ಮುಚ್ಚಿದಂತೆ ಏನೂ ಆಗಲಿಲ್ಲ. ನಿಜವಾಗಿ ಮುಚ್ಚಬೇಕಾದದ್ದು ನಿಮಗೆ ಮಾತ್ರ ಸೇರಿದ ನಡುವಿನ ಭಾಗ. ಪಾವತಿ ಕಾರ್ಡಿನ ಸಂಖ್ಯೆಯೂ ಹೀಗೆಯೇ. ಅದರ ಮೊದಲ 6 ಅಥವಾ 8 ಅಂಕಿಗಳು ಕಾರ್ಡನ್ನು ಕೊಟ್ಟ ಸಂಸ್ಥೆಯನ್ನು ಸೂಚಿಸುತ್ತವೆ, ಅವು ಗುಟ್ಟಲ್ಲ. 16 ಅಂಕಿಯ ಕಾರ್ಡಿನಲ್ಲಿ ಮೊದಲ 6 ಮತ್ತು ಕೊನೆಯ 4 ಕಾಣುತ್ತಿದ್ದರೆ ಮರೆಯಲ್ಲಿರುವುದು 6, ಅಂದರೆ 10 ಲಕ್ಷ ಸಾಧ್ಯತೆಗಳು. ಆದರೆ ಕೊನೆಯ ಅಂಕಿಯು ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಬರುವ ಪರೀಕ್ಷಾ ಅಂಕಿಯಾದ್ದರಿಂದ, ಆ ಲೆಕ್ಕಕ್ಕೆ ಒಗ್ಗುವ ಸಾಧ್ಯತೆಗಳು 1 ಲಕ್ಷಕ್ಕೆ ಇಳಿಯುತ್ತವೆ. ಪತ್ರದ ಲಗತ್ತಿನಲ್ಲಿ ಕೊನೆಯ 4ನ್ನು ಮಾತ್ರ ಬಿಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇದಕ್ಕಿಂತ ದೊಡ್ಡ ಎಡವಟ್ಟು ಎರಡು ಲಗತ್ತುಗಳಲ್ಲಿ ಎರಡು ರೀತಿ ಮರೆಮಾಡುವುದು. ನಮ್ಮ ಉದಾಹರಣೆಯಲ್ಲಿ ಖಾತೆಯ ವಿವರಪಟ್ಟಿಯಲ್ಲಿ ಕೊನೆಯ 4 ಅಂಕಿಗಳನ್ನು ಬಿಟ್ಟಿದ್ದಾರೆ ಎನ್ನೋಣ. ರಸೀದಿಯ ಪ್ರತಿಯಲ್ಲಿ ಅದೇ ಖಾತೆ ಸಂಖ್ಯೆಯ ಮೊದಲ 8 ಅಂಕಿಗಳನ್ನು ಬಿಟ್ಟು ಕೊನೆಯದನ್ನು ಮುಚ್ಚಿದ್ದಾರೆ. 12 ಅಂಕಿಯ ಸಂಖ್ಯೆಯಾದರೆ, ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದವರಿಗೆ ಅದು ಪೂರ್ಣವಾಗಿ ಸಿಕ್ಕಿತು. ಒಂದು ಸಂಖ್ಯೆಗೆ ಒಂದೇ ಕ್ರಮ ಎಂದು ಮೊದಲೇ ನಿಶ್ಚಯಿಸಿಕೊಂಡು, ಆ ಸಂಖ್ಯೆ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ, ಮುಂದಿನ ವರ್ಷ ಬರೆಯುವ ಪತ್ರದಲ್ಲೂ, ಅದೇ ಕ್ರಮವನ್ನು ಪಾಲಿಸಬೇಕು.

ಎಲ್ಲೆಲ್ಲಿ ಬರುತ್ತದೆ ಎಂಬುದನ್ನು ಹುಡುಕುವುದು ನಿಜವಾಗಿ ಕಷ್ಟದ ಭಾಗ. ಪಾಸ್‌ಪೋರ್ಟಿನ ಪುಟವನ್ನೇ ತೆಗೆದುಕೊಳ್ಳಿ. ಮೇಲ್ಭಾಗದ ಮೂಲೆಯಲ್ಲಿ ದೊಡ್ಡದಾಗಿ ಮುದ್ರಿತವಾದ ಸಂಖ್ಯೆಯನ್ನು ಎಲ್ಲರೂ ಮುಚ್ಚುತ್ತಾರೆ. ಪುಟದ ತಳದಲ್ಲಿ, ಯಂತ್ರ ಓದುವುದಕ್ಕೆಂದು ಮುದ್ರಿಸಿದ, ತಲಾ 44 ಅಕ್ಷರಗಳ ಎರಡು ಸಾಲುಗಳನ್ನು ಬಹುತೇಕರು ಹಾಗೆಯೇ ಬಿಡುತ್ತಾರೆ, ಏಕೆಂದರೆ ಅವು ಮನುಷ್ಯರಿಗೆ ಅರ್ಥವಾಗದ ಗೋಜಲಿನಂತೆ ಕಾಣುತ್ತವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ತನ್ನ ಮಾನದಂಡದಲ್ಲಿ ಮಾದರಿಯಾಗಿ ಕೊಟ್ಟಿರುವ, ಕಾಲ್ಪನಿಕ ವ್ಯಕ್ತಿಯೊಬ್ಬರ ಎರಡನೆಯ ಸಾಲು ಹೀಗಿದೆ:

```
L898902C36UTO7408122F1204159ZE184226B<<<<<10
```

ಮೊದಲ 9 ಅಕ್ಷರಾಂಕಗಳಾದ `L898902C3` ಪಾಸ್‌ಪೋರ್ಟಿನ ಸಂಖ್ಯೆ. ಅದರ ಪಕ್ಕದ `6` ಪರೀಕ್ಷಾ ಅಂಕಿ. `UTO` ಎಂಬುದು ದೇಶ, ಇಲ್ಲಿ ಕಲ್ಪಿತ ದೇಶ. ಅನಂತರದ `740812` ಜನ್ಮದಿನಾಂಕ: 1974ನೇ ಇಸವಿ, ಆಗಸ್ಟ್ 12. ಮತ್ತೊಂದು ಪರೀಕ್ಷಾ ಅಂಕಿಯಾದ ಮೇಲೆ `F` ಲಿಂಗ, `120415` ಪಾಸ್‌ಪೋರ್ಟಿನ ಅವಧಿ ಮುಗಿಯುವ ದಿನ. ಅದರಾಚೆಗೆ ಬರುವುದು, ಬೇಕಾದ ದೇಶಗಳು ತುಂಬಿಕೊಳ್ಳಬಹುದಾದ ವೈಯಕ್ತಿಕ ಸಂಖ್ಯೆಯ ಜಾಗ. ಮೇಲೆ ಎಷ್ಟೇ ಶ್ರದ್ಧೆಯಿಂದ ಮುಚ್ಚಿದ್ದರೂ ಈ ಒಂದು ಸಾಲು ಎಲ್ಲವನ್ನೂ ಹೇಳಿಬಿಡುತ್ತದೆ. ಆದ್ದರಿಂದ ತಳದ ಎರಡೂ ಸಾಲುಗಳನ್ನು ಪೂರ್ತಿಯಾಗಿ ಮುಚ್ಚಬೇಕು. ಪತ್ರದ ಮೂಲಕ ಬಂದ ಪ್ರತಿಯನ್ನು ಆ ಯಂತ್ರಕ್ಕೆ ತೋರಿಸುವ ಪ್ರಸಂಗ ಯಾವ ಗುಮಾಸ್ತರಿಗೂ ಬರುವುದಿಲ್ಲ.

ಇದೇ ಮಾತು ಗುರುತಿನ ಚೀಟಿಗಳ ಮೇಲಿರುವ ಕ್ಯೂಆರ್ ಕೋಡಿಗೂ ಬಾರ್‌ಕೋಡಿಗೂ ಅನ್ವಯಿಸುತ್ತದೆ. ಮುದ್ರಿತ ಸಂಖ್ಯೆಗೆ ಮಸಿ ಬಳಿದು ಪಕ್ಕದ ಚೌಕವನ್ನು ಬಿಟ್ಟರೆ, ಫೋನಿನ ಕ್ಯಾಮೆರಾ ಅದನ್ನು ಓದಬಹುದು. ಕೋಡಿನ ಒಂದು ಮೂಲೆಯನ್ನು ಮಾತ್ರ ಮುಚ್ಚಿದರೂ ಪ್ರಯೋಜನವಿಲ್ಲ, ಏಕೆಂದರೆ ಸ್ವಲ್ಪ ಹಾಳಾದರೂ ಓದಲು ಬರುವಂತೆಯೇ ಅದನ್ನು ರೂಪಿಸಿರುತ್ತಾರೆ. ಖಾತೆಯ ವಿವರಪಟ್ಟಿಯಲ್ಲಿ ಸಂಖ್ಯೆ ಶಿರೋಭಾಗದಲ್ಲಿ ಒಮ್ಮೆ, ಕೆಲವೊಮ್ಮೆ ಅಡಿಬರಹದಲ್ಲಿ ಇನ್ನೊಮ್ಮೆ, ವರ್ಗಾವಣೆಗಳ ವಿವರಣೆಯ ನಡುವೆ ಮತ್ತೊಮ್ಮೆ ಇರುತ್ತದೆ. ಅಲ್ಲಿ ನಿಮ್ಮದಲ್ಲದೆ ನೀವು ಹಣ ಕಳುಹಿಸಿದ ಬೇರೆಯವರ ಹೆಸರು ಮತ್ತು ಖಾತೆ ಸಂಖ್ಯೆಗಳೂ ಇರುತ್ತವೆ, ಅವುಗಳನ್ನು ಬಹಿರಂಗಪಡಿಸುವ ಹಕ್ಕು ನಮಗಂತೂ ಇಲ್ಲ. ಠೇವಣಿ ಕಟ್ಟಿದ ಒಂದು ಸಾಲು, ಖಾತೆದಾರರ ಹೆಸರು, ಸಂಖ್ಯೆಯ ಕೊನೆಯ 4 ಅಂಕಿಗಳು ಕಾಣಲಿ. ಬಾಕಿ ಮೊತ್ತವೂ ಸೇರಿದಂತೆ ಉಳಿದದ್ದೆಲ್ಲ ಮುಚ್ಚಿರಲಿ. ಮಿಂಚಂಚೆಯಲ್ಲಿ ಕಳುಹಿಸುವುದಾದರೆ ಕಡತದ ಹೆಸರನ್ನೂ ಒಮ್ಮೆ ನೋಡಿಕೊಳ್ಳಿ; ಬ್ಯಾಂಕಿನ ತಾಣದಿಂದ ಇಳಿಸಿಕೊಂಡ ಪಿಡಿಎಫ್‌ಗೆ ಎಷ್ಟೋ ಸಲ ಖಾತೆ ಸಂಖ್ಯೆಯೇ ಹೆಸರಾಗಿರುತ್ತದೆ.

ಇನ್ನು ಮುಚ್ಚುವ ವಿಧಾನ. ಕಾಗದದ ಪ್ರತಿಯ ಮೇಲೆ ಕಪ್ಪು ಮಾರ್ಕರಿನಿಂದ ಬಳಿದು ಅದೇ ಹಾಳೆಯನ್ನು ಲಕೋಟೆಗೆ ಹಾಕುವುದು ಎಲ್ಲರೂ ಮಾಡುವ ಕ್ರಮ. ಆ ಹಾಳೆಯನ್ನು ಕಿಟಕಿಗೆ ಅಡ್ಡಹಿಡಿದು ಹಿಂಬದಿಯಿಂದ ನೋಡಿ, ಅಥವಾ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಮಾರ್ಕರಿನ ಶಾಯಿ ಕಾಗದಕ್ಕೆ ಇಳಿದಿರುತ್ತದೆ, ಮುದ್ರಣದ ಟೋನರು ಕಾಗದದ ಮೇಲೆ ಹೊಳೆಯುತ್ತಾ ಕುಳಿತಿರುತ್ತದೆ, ಹಾಗಾಗಿ ಅಂಕಿಗಳು ಕಪ್ಪಿನೊಳಗಿನ ಕಪ್ಪಾಗಿ ಓದಲು ಸಿಗುತ್ತವೆ. ಬಿಳಿ ಶಾಯಿ ಹಚ್ಚಿದರೆ ಉಗುರಿನಿಂದ ಕೆರೆಯಬಹುದು. ಖಚಿತವಾದ ದಾರಿ ಸುಲಭವಾದದ್ದೂ ಹೌದು: ದಪ್ಪ ಕಾಗದದ ಸಣ್ಣ ಪಟ್ಟಿಯನ್ನು ಕತ್ತರಿಸಿ, ಮೊದಲ ಪ್ರತಿಯ ಮೇಲೆ ಅಂಕಿಗಳಿರುವ ಜಾಗಕ್ಕೆ ಅಂಟಿಸಿ, ಅದರ ಜೆರಾಕ್ಸ್ ತೆಗೆಸಿ, ಆ ಎರಡನೆಯ ಪ್ರತಿಯನ್ನೇ ಕಳುಹಿಸುವುದು. ಅಂಕಿಗಳು ಆ ಹಾಳೆಗೆ ಬಂದೇ ಇರುವುದಿಲ್ಲವಾದ್ದರಿಂದ ಯಾವ ಬೆಳಕಿನಲ್ಲೂ ಕಾಣುವುದಿಲ್ಲ. ಪಟ್ಟಿ ಹಚ್ಚಿದ ಮೊದಲ ಪ್ರತಿ ಮನೆಯಲ್ಲೇ ಇರಲಿ, ಅಥವಾ ಹರಿದುಹೋಗಲಿ. ಜೆರಾಕ್ಸ್ ಅಂಗಡಿಯ ಕಸದ ಬುಟ್ಟಿಗೆ ಬೀಳದಿರಲಿ.

ಕಂಪ್ಯೂಟರಿನಲ್ಲಿ ಇದೇ ತಪ್ಪು ಕಣ್ಣಿಗೆ ಕಾಣದ ರೀತಿಯಲ್ಲಿ ಆಗುತ್ತದೆ. ಪಿಡಿಎಫ್‌ನಲ್ಲಿ ಅಂಕಿಗಳ ಮೇಲೆ ಕಪ್ಪು ಚೌಕವೊಂದನ್ನು ಎಳೆದರೆ, ಅಂಕಿಗಳು ಅಳಿಸಿಹೋಗುವುದಿಲ್ಲ, ಚೌಕದ ಕೆಳಗೆ ಅಕ್ಷರಗಳಾಗಿಯೇ ಉಳಿಯುತ್ತವೆ. ಆ ಭಾಗವನ್ನು ಆಯ್ದು ನಕಲಿಸಿ ಬೇರೆಡೆ ಅಂಟಿಸಿದರೆ ಹೊರಬರುತ್ತವೆ. 2019ರ ಜನವರಿಯಲ್ಲಿ ಅಮೆರಿಕದ ರಾಜಕೀಯ ಸಲಹೆಗಾರ ಪಾಲ್ ಮ್ಯಾನಫೋರ್ಟ್ ಪರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ದಾಖಲೆಯಲ್ಲಿ ಹೀಗೆಯೇ ಆಗಿ, ಮುಚ್ಚಿದ್ದೇವೆಂದುಕೊಂಡಿದ್ದ ವಾಕ್ಯಗಳನ್ನು ಪತ್ರಕರ್ತರು ಸುಲಭವಾಗಿ ಓದಿದರು. ವಕೀಲರ ಕಚೇರಿಗೇ ಆದದ್ದು ನಮಗೆ ಆಗದಿರುತ್ತದೆಯೇ? ಫೋನಿನಲ್ಲಿ ಚಿತ್ರದ ಮೇಲೆ ಕಪ್ಪು ಬಣ್ಣ ಬಳಿಯುವಾಗ ಪೆನ್ನಿನ ಬದಲು ಹೈಲೈಟರನ್ನು ಆರಿಸಿಕೊಂಡರೆ ಆ ಬಣ್ಣ ಅರೆಪಾರದರ್ಶಕ. ನಾಲ್ಕು ಸಲ ಬಳಿದರೆ ಕಪ್ಪಾಗಿ ಕಂಡರೂ, ಚಿತ್ರದ ಹೊಳಪನ್ನು ಏರಿಸಿದಾಗ ಅಂಕಿಗಳು ಮೇಲೆದ್ದು ಬರಬಹುದು. ಮಸುಕು ಮಾಡುವುದು, ಚೌಕಚೌಕವಾಗಿ ಒಡೆಯುವುದು ಹಲವರಿಗೆ ಸಭ್ಯವಾಗಿ ಕಾಣುತ್ತದೆ, ಆದರೆ ಅಂಕಿಗಳಿಗೆ ಅವು ದುರ್ಬಲ ರಕ್ಷಣೆ. ಇರುವುದು ಹತ್ತೇ ಅಂಕಿಗಳು, ಅಚ್ಚಿನ ಅಕ್ಷರ ಶೈಲಿ ಗೊತ್ತಿರುವಂಥದ್ದು. ಪ್ರತಿಯೊಂದು ಅಂಕಿಯನ್ನೂ ಅದೇ ರೀತಿ ಮಸುಕು ಮಾಡಿ ಹೋಲಿಸುತ್ತಾ ಹೋದರೆ ಯಾವುದು ಹೊಂದುತ್ತದೆ ಎಂದು ತಿಳಿಯುತ್ತದೆ.

ಚಿತ್ರವನ್ನು ಕತ್ತರಿಸಿಬಿಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ಸಾಮಾನ್ಯವಾಗಿ ಸಾಕು. ಆದರೆ 2023ರಲ್ಲಿ, ಪಿಕ್ಸೆಲ್ ಫೋನುಗಳ ಚಿತ್ರ ತಿದ್ದುವ ಸಾಧನದಲ್ಲೂ ವಿಂಡೋಸ್‌ನ ಸ್ನಿಪ್ಪಿಂಗ್ ಟೂಲ್‌ನಲ್ಲೂ, ಕತ್ತರಿಸಿದ ಚಿತ್ರವನ್ನು ಮೂಲದ ಮೇಲೆಯೇ ಉಳಿಸಿದಾಗ ಹಳೆಯ ಚಿತ್ರದ ದತ್ತಾಂಶ ಕಡತದ ಬಾಲದಲ್ಲಿ ಉಳಿದುಹೋಗುತ್ತಿತ್ತು ಎಂಬುದು ಬೆಳಕಿಗೆ ಬಂತು. ಆ ದೋಷಗಳನ್ನು ಸರಿಪಡಿಸಲಾಗಿದೆ, ಆದರೆ ಅದಕ್ಕೂ ಮೊದಲು ಕಳುಹಿಸಿದ ಚಿತ್ರಗಳು ಹೋದಲ್ಲಿಯೇ ಇವೆ. ಹಾಗಾಗಿ ತಂತ್ರಾಂಶದ ಮೇಲೆ ಭಾರ ಹಾಕದ ಹಳೆಯ ದಾರಿಯನ್ನೇ ನಾನು ಶಿಫಾರಸು ಮಾಡುತ್ತೇನೆ: ಗಟ್ಟಿ ಕಪ್ಪಿನಿಂದ ಮುಚ್ಚಿ, ಮುದ್ರಿಸಿ, ಆ ಮುದ್ರಿತ ಹಾಳೆಯನ್ನು ಮತ್ತೆ ಸ್ಕ್ಯಾನ್ ಮಾಡಿ, ಆ ಹೊಸ ಕಡತವನ್ನು ಕಳುಹಿಸುವುದು. ಮುದ್ರಕ ಇಲ್ಲದವರು ಮುಚ್ಚಿದ ಪುಟವನ್ನು ಪರದೆಯ ಮೇಲೆ ತೆರೆದು, ಅದರ ಸ್ಕ್ರೀನ್‌ಶಾಟ್ ತೆಗೆದು ಆ ಚಿತ್ರವನ್ನು ಕಳುಹಿಸಬಹುದು. ಕಳುಹಿಸುವ ಮೊದಲು ಮೂರು ಪರೀಕ್ಷೆಗಳನ್ನು ಮಾಡಿ ನೋಡಿ. ಕಡತದಲ್ಲಿ ನಿಮ್ಮ ಸಂಖ್ಯೆಯ ನಡುವಿನ ನಾಲ್ಕು ಅಂಕಿಗಳನ್ನು ಹುಡುಕಿ, ಸಿಗಬಾರದು. ಪುಟವನ್ನೆಲ್ಲ ಆಯ್ದು ನಕಲಿಸಿ ಖಾಲಿ ಹಾಳೆಗೆ ಅಂಟಿಸಿ, ಅಂಕಿ ಬರಬಾರದು. ಹೊಳಪನ್ನು ತುದಿಯವರೆಗೆ ಏರಿಸಿ ನೋಡಿ, ಕಪ್ಪು ಕಪ್ಪಾಗಿಯೇ ಇರಬೇಕು.

ಮರೆಮಾಡಿದ ಪ್ರತಿಯ ಮೇಲೂ ಒಂದು ಸಾಲು ಬರೆಯುವುದು ಒಳ್ಳೆಯದು: ಯಾವ ಕಚೇರಿಗೆ, ಯಾವ ಕೋರಿಕೆಗಾಗಿ, ಯಾವ ದಿನಾಂಕದಂದು ಕೊಟ್ಟ ಪ್ರತಿ ಎಂದು. ಅದನ್ನು ಅಂಚಿನ ಖಾಲಿ ಜಾಗದಲ್ಲಿ ಬರೆದರೆ ಕತ್ತರಿಸಿ ತೆಗೆಯಬಹುದು, ಆದ್ದರಿಂದ ಹಾಳೆಗೆ ಅಡ್ಡಲಾಗಿ, ಹೆಸರಿನ ಸಾಲು ಮತ್ತು ಭಾವಚಿತ್ರದ ಅಂಚನ್ನು ದಾಟುವಂತೆ, ಆದರೆ ಮುಖವೂ ಹೆಸರೂ ಓದಲು ಬರುವಂತೆ ಬರೆದು, ಅದರ ತುದಿಗೇ ಸಹಿ ಹಾಕಬೇಕು. ಇದರಿಂದ ದುರುಪಯೋಗ ಪೂರ್ತಿ ನಿಲ್ಲುತ್ತದೆ ಎನ್ನಲಾರೆ, ಆದರೆ ಠೇವಣಿಗೆಂದು ಕೊಟ್ಟ ಪ್ರತಿಯನ್ನು ಇನ್ನೊಂದು ಕಡೆ ಮುಂದಿಡುವುದು ಕಷ್ಟವಾಗುತ್ತದೆ.

ಕಚೇರಿಗಳ ಮುಖ್ಯಸ್ಥರಲ್ಲಿ ನನ್ನ ಕೋರಿಕೆ ಹೀಗಿದೆ. ಜನರು ಅಗತ್ಯಕ್ಕಿಂತ ಹೆಚ್ಚು ಬರೆಯುವುದು ಬಹುಮಟ್ಟಿಗೆ ಭಯದಿಂದ. ಒಂದು ವಿವರ ಕಡಿಮೆಯಾಗಿ ಅರ್ಜಿ ವಾಪಸು ಬಂದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕೆಂದು ಅವರಿಗೆ ಗೊತ್ತು. ‘ಗುರುತಿನ ಪುರಾವೆ ಲಗತ್ತಿಸಿ’ ಎಂದು ಮಾತ್ರ ಅಚ್ಚಾಗಿರುವ ನಮೂನೆ ಆ ಭಯವನ್ನು ಹೆಚ್ಚಿಸುತ್ತದೆ. ಅದರ ಬದಲು ಯಾವ ದಾಖಲೆಯ ಯಾವ ಪುಟ, ಅದರಲ್ಲಿ ಯಾವ ವಿವರ ಕಾಣಬೇಕು, ಸಂಖ್ಯೆಯ ಎಷ್ಟು ಅಂಕಿಗಳು ಸಾಕು, ಏನನ್ನು ಮುಚ್ಚಬಹುದು ಎಂದು ನಮೂನೆಯಲ್ಲೇ ಮುದ್ರಿಸಿ. ಪೂರ್ಣ ಸಂಖ್ಯೆ ಬೇಕೇ ಬೇಕಾದರೆ ಯಾವ ನಿಯಮದ ಪ್ರಕಾರ ಎಂದು ಒಂದು ಸಾಲಿನಲ್ಲಿ ತಿಳಿಸಿ, ಅದಕ್ಕೆ ಪ್ರತ್ಯೇಕ ಹಾಳೆ ಕೊಡಿ. ಮುಚ್ಚಿದ ಪ್ರತಿ ಬಂದಾಗ ‘ಪ್ರತಿ ಸ್ಪಷ್ಟವಾಗಿಲ್ಲ’ ಎಂಬ ಷರಾ ಬರೆದು ಇಡೀ ಅರ್ಜಿಯನ್ನು ಹಿಂದಿರುಗಿಸುವ ಪದ್ಧತಿಯನ್ನು ನಿಲ್ಲಿಸಿ, ಕಡಿಮೆಯಾದ ಆ ಒಂದು ವಿವರವನ್ನು ಮಾತ್ರ ಕೇಳಿ ಬರೆಯುವಂತೆ ನಿಮ್ಮ ಸಿಬ್ಬಂದಿಗೆ ಲಿಖಿತ ಸೂಚನೆ ಕೊಡಿ.

ನಿಮ್ಮ ಉತ್ತರಗಳ ಬಗ್ಗೆಯೂ ಒಂದು ಮಾತು. ಅರ್ಜಿದಾರರು ಕೊನೆಯ 4 ಅಂಕಿಗಳನ್ನು ಬಿಟ್ಟು ಉಳಿದದ್ದನ್ನು ಮುಚ್ಚಿ ಕಳುಹಿಸಿದರೂ, ಕಚೇರಿಯ ಉತ್ತರದ ವಿಷಯ ಸಾಲಿನಲ್ಲಿ ಪೂರ್ಣ ಸಂಖ್ಯೆ ಅಚ್ಚಾಗಿ ಬರುವುದುಂಟು. ಆ ಉತ್ತರದ ಪ್ರತಿಗಳು ಮತ್ತೆ ಮೂರು ಶಾಖೆಗಳಿಗೆ ಹೋಗುತ್ತವೆ. ಕಿಟಕಿಯಿರುವ ಲಕೋಟೆಯಾದರೆ, ಹಾಳೆ ಸ್ವಲ್ಪ ಜಾರಿದಾಗ ವಿಳಾಸದ ಕೆಳಗಿನ ಆ ಸಾಲು ಹೊರಗೇ ಕಾಣುತ್ತದೆ. ವಿಷಯ ಸಾಲಿನಲ್ಲಿ ನಿಮ್ಮದೇ ಉಲ್ಲೇಖ ಸಂಖ್ಯೆ ಇದ್ದರೆ ಸಾಕು. ನಮೂನೆಯ ಮುಂದಿನ ಮುದ್ರಣಕ್ಕೆ ಮೊದಲು ಈ ಎರಡು ಬದಲಾವಣೆಗಳನ್ನು, ಅಂದರೆ ಅಂಕಿಗಳ ಸೂಚನೆ ಮತ್ತು ಪ್ರತ್ಯೇಕ ಅನುಬಂಧವನ್ನು, ಪರಿಗಣಿಸಬೇಕೆಂದೂ, ಅಲ್ಲಿಯವರೆಗೆ ಮುಚ್ಚಿದ ಪ್ರತಿಗಳನ್ನು ಸ್ವೀಕರಿಸುವಂತೆ ಟಪಾಲು ಶಾಖೆಗೆ ಸುತ್ತೋಲೆಯೊಂದನ್ನು ಹೊರಡಿಸಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಟಪಾಲು ಶಾಖೆಯ ನಿವೃತ್ತ ನೌಕರ